ಅಜ್ಜನ ತಿಥಿ ಯಾವತ್ತು? ಆ್ಯಪ್ ಹೇಳುವ ತಾರೀಖು, ಮನೆಗೆ ಬೇಕಾದ ತಾರೀಖು

2023ರ ಸೆಪ್ಟೆಂಬರ್ 17, ಭಾನುವಾರ ಸಂಜೆ. ಮನೆಯಲ್ಲಿ ಗೌರಿ ಹಬ್ಬದ ತಯಾರಿ ನಡೆದಿತ್ತು. ಅಮ್ಮ ಬಾಗಿನದ ಮೊರಗಳಿಗೆ ಅರಿಸಿನ ಹಚ್ಚಿ ಒಣಗಲು ಇಟ್ಟಿದ್ದರು. ಅಷ್ಟರಲ್ಲಿ ಪುರೋಹಿತರ ಫೋನ್ ಬಂತು. 'ನಾಳೆ ಎಷ್ಟು ಹೊತ್ತಿಗೆ ಬರಲಿ ಯಜಮಾನರೇ?' ಅಪ್ಪ ಅಂದರು, 'ನಾಳೆ ಅಲ್ಲವಲ್ಲ, ನಾಡಿದ್ದು 19ಕ್ಕೆ ತಿಥಿ.' ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ, 'ಯಾರು ಹೇಳಿದರು 19 ಅಂತ?'

ಹೇಳಿದ್ದು ನಾನು. ಸರಿಯಾಗಿ ಹೇಳಬೇಕೆಂದರೆ, ನಾನೇ ಬರೆದ ಒಂದು ಸಣ್ಣ ಆ್ಯಪ್. ಮನೆಯವರು ಹದಿನೈದು ಇಪ್ಪತ್ತು ಜನ ಬಳಸುತ್ತಾರೆ, ಅಷ್ಟೇ. ದಿನದ ಪಂಚಾಂಗ ತೋರಿಸುತ್ತದೆ, ಹಬ್ಬ ತೋರಿಸುತ್ತದೆ, ಮನೆಯ ತಿಥಿಗಳನ್ನೂ ನಕ್ಷತ್ರದ ಹುಟ್ಟುಹಬ್ಬಗಳನ್ನೂ ನೆನಪಿಸುತ್ತದೆ. ಅವತ್ತು ಅದು ಒಂದು ದಿನ ತಪ್ಪಿ ಹೇಳಿತ್ತು. ರಜೆ 19ಕ್ಕೆ ಹಾಕಿದ್ದೆವು, ಅಡಿಗೆಯವರಿಗೆ 19 ಅಂತ ಹೇಳಿದ್ದೆವು. ಎಲ್ಲ ರಾತ್ರೋರಾತ್ರಿ ತಿರುಗಿಸಬೇಕಾಯಿತು. ಹಾಗಾಗಿ ಇವತ್ತು ನಾನು ಮಾತಾಡುವುದು ಪಂಚಾಂಗದ ಪಂಡಿತನಾಗಿ ಅಲ್ಲ, ಒಮ್ಮೆ ಮನೆಯವರಿಂದ ಬೈಸಿಕೊಂಡು ಆಮೇಲೆ ಕಲಿತವನಾಗಿ.

ಅಜ್ಜ ತೀರಿಕೊಂಡದ್ದು 2021ರ ಸೆಪ್ಟೆಂಬರ್ 10, ಶುಕ್ರವಾರ, ಗಣೇಶನ ಹಬ್ಬದ ದಿನವೇ, ಸಂಜೆ ಏಳರ ಹೊತ್ತಿಗೆ. ಅಪ್ಪನ ಡೈರಿಯಲ್ಲಿ ಹೀಗೆ ಬರೆದಿದೆ: 'ಪ್ಲವ ಸಂವತ್ಸರ, ಭಾದ್ರಪದ ಶುದ್ಧ ಚೌತಿ, ಶುಕ್ರವಾರ, ಸಂಜೆ 7.' ಈ ಒಂದು ಸಾಲನ್ನು ಹಿಡಿದುಕೊಂಡು ಹೋಗೋಣ. ಆ್ಯಪ್‌ಗಳು ಎಲ್ಲೆಲ್ಲಿ ಎಡವುತ್ತವೆ ಅನ್ನುವುದು ಇದೊಂದರಲ್ಲೇ ಸಿಗುತ್ತದೆ.

ಮೊದಲು ಆ 'ಸಂಜೆ 7' ಯಾಕೆ ಬರೆದರು ಅಂತ ನೋಡಿ. ಅವತ್ತು ಚೌತಿ ಮುಗಿದದ್ದು ರಾತ್ರಿ 9.57ಕ್ಕೆ. ಅಜ್ಜ ಇನ್ನು ಮೂರು ಗಂಟೆ ಇದ್ದಿದ್ದರೆ ಅವರ ತಿಥಿ ಚೌತಿ ಅಲ್ಲ, ಪಂಚಮಿ. ತಾರೀಖು ಅದೇ, ವಾರ ಅದೇ, ಗೋಡೆಯ ಕ್ಯಾಲೆಂಡರಿನಲ್ಲಿ ಅವತ್ತಿನ ಚೌಕದೊಳಗೆ ಬರೆದಿರುವುದೂ ಚೌತಿಯೇ. ಆದರೆ ಜೀವ ಹೋದ ಗಳಿಗೆಯಲ್ಲಿ ನಡೆಯುತ್ತಿದ್ದ ತಿಥಿಯೇ ಲೆಕ್ಕ. ಬಹಳಷ್ಟು ಆ್ಯಪ್‌ಗಳು ನಿಮ್ಮಿಂದ ತಾರೀಖು ಮಾತ್ರ ಕೇಳುತ್ತವೆ, ಹೊತ್ತು ಕೇಳುವುದಿಲ್ಲ. ಕೇಳದೆ ಅವತ್ತು ಬೆಳಗ್ಗೆ ಇದ್ದ ತಿಥಿಯನ್ನು ಹಾಕಿಕೊಂಡುಬಿಡುತ್ತವೆ. ನಿಮ್ಮ ಮನೆಯಲ್ಲಿ ಯಾರಾದರೂ ರಾತ್ರಿ ಹೊತ್ತು, ಬೆಳಗಿನ ಜಾವ ಹೋಗಿದ್ದರೆ ಆ ನಮೂದನ್ನು ಇವತ್ತೇ ಒಮ್ಮೆ ತೆಗೆದು ನೋಡಿ. ಹೊತ್ತು ನೆನಪಿಲ್ಲದಿದ್ದರೆ ಆಸ್ಪತ್ರೆಯ ಕಾಗದದಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ.

ಬೆಳಗಿನ ಜಾವ ಅಂದಾಗ ಇನ್ನೊಂದು ಎಡವಟ್ಟು. ಫೋನಿಗೆ ರಾತ್ರಿ 12ಕ್ಕೆ ದಿನ ಬದಲಾಗುತ್ತದೆ. ಪಂಚಾಂಗಕ್ಕೆ ಸೂರ್ಯ ಹುಟ್ಟಿದಾಗ. ಕೆಲವು ಪಂಚಾಂಗಗಳಲ್ಲಿ, ಕೆಲವು ಆ್ಯಪ್‌ಗಳಲ್ಲೂ, '28.52' ಅಂತ ಹೊತ್ತು ಬರೆದಿರುವುದನ್ನು ನೋಡಿರಬಹುದು. ಅಚ್ಚಿನ ತಪ್ಪು ಅಂದುಕೊಳ್ಳಬೇಡಿ. 24 ಕಳೆಯಿರಿ, ಬೆಳಗಿನ ಜಾವ 4.52. ಸೂರ್ಯ ಹುಟ್ಟಿಲ್ಲವಾದ್ದರಿಂದ ಅದಿನ್ನೂ ಹಿಂದಿನ ದಿನದ ಸಾಲಿನಲ್ಲೇ ಇದೆ, ಅಷ್ಟೇ. ಬೆಳಗಿನ ಜಾವ ಮೂರಕ್ಕೆ ತೀರಿಕೊಂಡವರ ತಿಥಿ ಹುಡುಕುವಾಗ ಆ್ಯಪ್‌ನಲ್ಲಿ ಯಾವ ದಿನದ ಪುಟ ತೆಗೆಯುತ್ತೀರಿ ಅನ್ನುವುದು ಇದರ ಮೇಲೆ ನಿಂತಿದೆ.

ಸರಿ, ಚೌತಿ ಅಂತ ಖಚಿತವಾಯಿತು. ಇನ್ನು ಪ್ರತಿ ವರ್ಷ ಭಾದ್ರಪದ ಶುದ್ಧ ಚೌತಿ ಯಾವ ತಾರೀಖಿಗೆ ಬರುತ್ತದೆ ಅಂತ ಹುಡುಕಿದರೆ ಆಯಿತು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಆ್ಯಪ್ ಮಾಡುತ್ತಿದ್ದದ್ದು ಇಷ್ಟು: ಪ್ರತಿ ದಿನ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಯಾವ ತಿಥಿ ಇದೆ ನೋಡು, ಅದೇ ಆ ದಿನದ ತಿಥಿ. ಗೋಡೆ ಕ್ಯಾಲೆಂಡರಿನ ಚೌಕದಲ್ಲಿ ಇರುವುದೂ ಹೆಚ್ಚುಕಮ್ಮಿ ಅದೇ.

ತಿಥಿಗೂ ಸೂರ್ಯೋದಯಕ್ಕೂ ನಿಜವಾಗಿ ಸಂಬಂಧ ಇಲ್ಲ. ಆಕಾಶದಲ್ಲಿ ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ ಮುಗಿಯಿತು. ಚಂದ್ರ ಒಂದೊಂದು ಸಲ ಬಿರುಸಾಗಿ ಓಡುತ್ತಾನೆ, ಒಂದೊಂದು ಸಲ ನಿಧಾನ. ಹಾಗಾಗಿ ಒಂದು ತಿಥಿ ಸುಮಾರು 20 ಗಂಟೆಯಲ್ಲೂ ಮುಗಿಯಬಹುದು, 26 ಗಂಟೆ ದಾಟಿಯೂ ಎಳೆಯಬಹುದು. ಶುರುವಾಗುವುದು ಮಧ್ಯಾಹ್ನವೋ ನಡುರಾತ್ರಿಯೋ, ಯಾವಾಗ ಬೇಕಾದರೂ.

2023ರಲ್ಲಿ ಏನಾಯಿತು ನೋಡಿ. ಚೌತಿ ಶುರುವಾದದ್ದು ಸೆಪ್ಟೆಂಬರ್ 18ರ ಮಧ್ಯಾಹ್ನ 12.39ಕ್ಕೆ. ಮುಗಿದದ್ದು 19ರ ಮಧ್ಯಾಹ್ನ 1.43ಕ್ಕೆ. 18ರ ಬೆಳಗ್ಗೆ ಸೂರ್ಯ ಹುಟ್ಟಿದಾಗ ಇನ್ನೂ ತದಿಗೆ. 19ರ ಬೆಳಗ್ಗೆ ಚೌತಿ. ನನ್ನ ಆ್ಯಪ್ 19 ಅಂದಿತು. ಅದರ ಲೆಕ್ಕದಲ್ಲಿ ಒಂದು ನಿಮಿಷವೂ ತಪ್ಪಿರಲಿಲ್ಲ. ಗಣಿತ ಸರಿ, ಕೇಳಿದ ಪ್ರಶ್ನೆಯೇ ತಪ್ಪು.

ಶ್ರಾದ್ಧಕ್ಕೆ ಬೇಕಾದದ್ದು ಸೂರ್ಯೋದಯದ ತಿಥಿ ಅಲ್ಲ, ಅಪರಾಹ್ಣದ ತಿಥಿ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಐದು ಸಮ ಪಾಲು ಮಾಡಿ. ಪ್ರಾತಃಕಾಲ, ಸಂಗವ, ಮಧ್ಯಾಹ್ನ, ಅಪರಾಹ್ಣ, ಸಾಯಾಹ್ನ. ನಾಲ್ಕನೇ ಪಾಲು ಅಪರಾಹ್ಣ. ಪಿತೃಗಳ ಹೊತ್ತು ಅದು. ಆ ಹೊತ್ತಿನಲ್ಲಿ ಯಾವ ದಿನ ಚೌತಿ ಇದೆಯೋ ಆ ದಿನ ಶ್ರಾದ್ಧ.

ಲೆಕ್ಕ ಹಾಕೋಣ, ಕಷ್ಟವೇನಿಲ್ಲ. 2023ರ ಸೆಪ್ಟೆಂಬರ್ 18ಕ್ಕೆ ಬೆಂಗಳೂರಿನಲ್ಲಿ ಸೂರ್ಯೋದಯ ಸುಮಾರು 6.09, ಸೂರ್ಯಾಸ್ತ 6.19. ಹಗಲು 12 ಗಂಟೆ 10 ನಿಮಿಷ. ಐದರಿಂದ ಭಾಗಿಸಿದರೆ ಒಂದೊಂದು ಪಾಲು 2 ಗಂಟೆ 26 ನಿಮಿಷ. ಮೂರು ಪಾಲು ಕಳೆದ ಮೇಲೆ, ಅಂದರೆ ಮಧ್ಯಾಹ್ನ 1.27ಕ್ಕೆ ಅಪರಾಹ್ಣ ಶುರು. 3.53ಕ್ಕೆ ಮುಗಿಯಿತು. ಈಗ ಎರಡೂ ದಿನ ಹೋಲಿಸಿ. 18ರಂದು ಚೌತಿ 12.39ಕ್ಕೇ ಬಂದಿದೆ, ಅಪರಾಹ್ಣ ಪೂರ್ತಿ ಚೌತಿ. 19ರಂದು 1.27ರಿಂದ 1.43ರವರೆಗೆ, ಬರೀ 16 ನಿಮಿಷ. ಪುರೋಹಿತರು 18 ಅಂದದ್ದು ಇದಕ್ಕೆ.

ಅವರು ಇದನ್ನು ಫೋನಿನಲ್ಲಿ ನೋಡಿದವರಲ್ಲ. ಘಳಿಗೆ ಲೆಕ್ಕದ ಪಂಚಾಂಗದಲ್ಲಿ ನೋಡಿದರು. ಆ ಬಗೆಯ ಪಂಚಾಂಗದಲ್ಲಿ ತಿಥಿಯ ಮುಂದೆ ಎರಡು ಅಂಕಿ ಇರುತ್ತವೆ. ತದಿಗೆಯ ಮುಂದೆ 16-15 ಅಂತಿದ್ದರೆ, ಸೂರ್ಯ ಹುಟ್ಟಿ 16 ಘಳಿಗೆ 15 ವಿಘಳಿಗೆಗೆ ತದಿಗೆ ಮುಗಿಯಿತು ಅಂತ ಅರ್ಥ. ಒಂದು ಘಳಿಗೆ 24 ನಿಮಿಷ, ಅದರ ಅರವತ್ತನೇ ಒಂದು ಪಾಲು ವಿಘಳಿಗೆ. ಹದಿನಾರೂಕಾಲು ಘಳಿಗೆ ಅಂದರೆ ಆರೂವರೆ ಗಂಟೆ. 6.09ಕ್ಕೆ ಆರೂವರೆ ಗಂಟೆ ಸೇರಿಸಿ, ಅದೇ 12.39. ಹಳಬರಿಗೆ ಇದನ್ನು ನೋಡಿದ ತಕ್ಷಣ 'ತದಿಗೆ 16 ಘಳಿಗೆಗೇ ಬಿಟ್ಟುಹೋಯಿತು, ಅಪರಾಹ್ಣಕ್ಕೆ ಚೌತಿ ಬಂತು' ಅಂತ ತಲೆಯೊಳಗೆ ಓಡಿಬಿಡುತ್ತದೆ. ಹಗಲು ಹೆಚ್ಚುಕಮ್ಮಿ 30 ಘಳಿಗೆ, ಐದು ಪಾಲು ಮಾಡಿದರೆ ಆರಾರು ಘಳಿಗೆ, 18 ಘಳಿಗೆಗೆ ಅಪರಾಹ್ಣ ಶುರು. ಗಂಟೆ-ನಿಮಿಷದಲ್ಲಿ ನಾವು ಪೆನ್ನು ಹಿಡಿದು ಮಾಡುವುದನ್ನು ಅವರು ಬೆರಳು ಮಡಿಚಿ ಮಾಡುತ್ತಾರೆ.

ಇಲ್ಲಿ ಒಂದು ಮಾತು. ಯಾವ ಕೆಲಸಕ್ಕೆ ಯಾವ ಹೊತ್ತಿನ ತಿಥಿ ಅನ್ನುವುದು ಒಂದೊಂದಕ್ಕೂ ಬೇರೆ. ಗಣೇಶನಿಗೆ ಮಧ್ಯಾಹ್ನದ ಚೌತಿ. ದೀಪಾವಳಿಯ ಲಕ್ಷ್ಮೀಪೂಜೆಗೆ ಸಂಜೆಯ ಅಮಾವಾಸ್ಯೆ. ಶಿವರಾತ್ರಿಗೆ ನಡುರಾತ್ರಿಯ ಚತುರ್ದಶಿ. ಹಾಗಾಗಿ ಒಂದೇ ತಿಥಿಯಲ್ಲಿ ಹಬ್ಬ ಒಂದು ದಿನ, ಶ್ರಾದ್ಧ ಇನ್ನೊಂದು ದಿನ ಬೀಳಬಹುದು. 2024ರ ದೀಪಾವಳಿ ಅಮಾವಾಸ್ಯೆ ನೆನಪಿದೆಯಾ? ಅಕ್ಟೋಬರ್ 31ರ ಮಧ್ಯಾಹ್ನ 3.52ಕ್ಕೆ ಶುರುವಾಗಿ ನವೆಂಬರ್ 1ರ ಸಂಜೆ 6.16ಕ್ಕೆ ಮುಗಿಯಿತು. 31ರ ಸಂಜೆ, ರಾತ್ರಿ ಪೂರ್ತಿ ಅಮಾವಾಸ್ಯೆ ಇದ್ದದ್ದರಿಂದ ಬಹಳ ಜನ ಅವತ್ತೇ ಲಕ್ಷ್ಮೀಪೂಜೆ ಮಾಡಿದರು. ಆದರೆ ಬೆಂಗಳೂರಿನಲ್ಲಿ ಅವತ್ತಿನ ಅಪರಾಹ್ಣ 3.33ರ ಸುಮಾರಿಗೇ ಮುಗಿದಿತ್ತು. ಆ ಅಮಾವಾಸ್ಯೆಯ ಶ್ರಾದ್ಧ ನವೆಂಬರ್ 1ಕ್ಕೇ. 'ಅಜ್ಜಿ ಹೋದದ್ದು ದೀಪಾವಳಿ ಅಮಾವಾಸ್ಯೆ' ಅಂತ ಆ್ಯಪ್‌ನಲ್ಲಿ ಹಬ್ಬಕ್ಕೇ ನೆನಪೋಲೆ ಕಟ್ಟಿಟ್ಟವರು ಆ ವರ್ಷ ಒಂದು ದಿನ ಮುಂಚೆ ಎದ್ದು ಕೂತಿರುತ್ತಾರೆ.

ಆ 2023ರ ಗಣೇಶನ ಹಬ್ಬವೂ ಹಾಗೇ ಒಡೆಯಿತು, ನೋಡಿ. ಸರ್ಕಾರಿ ರಜೆ 18ಕ್ಕೆ, ಮಂಗಳೂರಿನ ಕಡೆ ಗಣಪತಿ ಕೂರಿಸಿದ್ದು 19ಕ್ಕೆ. ನಮ್ಮ ಮನೆಯಲ್ಲಿ 18ಕ್ಕೆ ಗೌರಿ, ಗಣೇಶ, ಅಜ್ಜನ ತಿಥಿ ಮೂರೂ ಒಟ್ಟಿಗೆ. ತಿಥಿಯ ದಿನ ನಮ್ಮಲ್ಲಿ ಹೊಸ್ತಿಲ ಮುಂದೆ ರಂಗೋಲಿ ಹಾಕುವುದಿಲ್ಲ. ಬೀದಿಯ ಎಲ್ಲ ಮನೆ ಮುಂದೆ ದೊಡ್ಡ ದೊಡ್ಡ ರಂಗೋಲಿ, ನಮ್ಮ ಮನೆ ಮುಂದೆ ಬರೀ ನೀರು ಹಾಕಿದ ನೆಲ. ಎದುರು ಮನೆಯವರು ಬಂದು ಅಮ್ಮನಿಗೆ ಹುಷಾರಿಲ್ವಾ ಅಂತ ಕೇಳಿ ಹೋದರು.

ಆಮೇಲೆ ನಾನು ಆ್ಯಪ್ ತಿದ್ದಿದೆ. ಪ್ರತಿ ನಮೂದಿಗೂ ಒಂದು ಕಾಲ ಸೇರಿಸಿದೆ: ಸೂರ್ಯೋದಯ, ಮಧ್ಯಾಹ್ನ, ಅಪರಾಹ್ಣ, ಪ್ರದೋಷ, ನಡುರಾತ್ರಿ. ಶ್ರಾದ್ಧ ಅಂದರೆ ತಾನಾಗಿ ಅಪರಾಹ್ಣ. ಎರಡೂ ದಿನ ಅಪರಾಹ್ಣವನ್ನು ಸ್ವಲ್ಪ ಸ್ವಲ್ಪ ಮುಟ್ಟಿದರೆ ಯಾವತ್ತು ಜಾಸ್ತಿ ಹೊತ್ತು ಇದೆಯೋ ಅವತ್ತು. 2024ಕ್ಕೆ ಸೆಪ್ಟೆಂಬರ್ 7 ಅಂತ ಸರಿಯಾಗಿ ಹೇಳಿತು. ಇನ್ನು ತೊಂದರೆ ಇಲ್ಲ ಅಂದುಕೊಂಡೆ.

ಬಂತು 2025. ಇದು ನನಗೆ ಇಷ್ಟವಾದ ವರ್ಷ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಅಪ್ಪ ಮೂರು ಜನ ಅಣ್ಣತಮ್ಮಂದಿರು. ಅಪ್ಪ ದೊಡ್ಡವರು, ಬೆಂಗಳೂರಿನಲ್ಲಿ. ಒಬ್ಬ ಚಿಕ್ಕಪ್ಪ ಮಂಗಳೂರು, ಇನ್ನೊಬ್ಬ ಚಿಕ್ಕಪ್ಪ ಚೆನ್ನೈ. ಬೇರೆ ಬೇರೆ ಮನೆಯಾದ್ದರಿಂದ ಮೂವರೂ ತಮ್ಮ ತಮ್ಮ ಊರಿನಲ್ಲೇ ಶ್ರಾದ್ಧ ಮಾಡುತ್ತಾರೆ. ಭೂಪಟ ನೋಡಿದರೆ ಮೂರು ಊರೂ ಹೆಚ್ಚುಕಮ್ಮಿ ಒಂದೇ ಅಡ್ಡಗೆರೆಯ ಮೇಲಿವೆ. ಹಗಲಿನ ಉದ್ದ ಮೂರೂ ಕಡೆ ಒಂದೇ. ಬೆಂಗಳೂರಿಗಿಂತ ಚೆನ್ನೈಯಲ್ಲಿ 11 ನಿಮಿಷ ಮುಂಚೆ ಸೂರ್ಯ ಹುಟ್ಟುತ್ತಾನೆ, ಮಂಗಳೂರಿನಲ್ಲಿ 11 ನಿಮಿಷ ತಡವಾಗಿ. ಇಷ್ಟೇ ವ್ಯತ್ಯಾಸ.

ಆ ವರ್ಷ ಭಾದ್ರಪದ ಶುದ್ಧ ಚೌತಿ ಆಗಸ್ಟ್ 26ರ ಮಧ್ಯಾಹ್ನ 1.54ಕ್ಕೆ ಶುರುವಾಗಿ 27ರ ಮಧ್ಯಾಹ್ನ 3.44ಕ್ಕೆ ಮುಗಿಯಿತು. ಬೆಂಗಳೂರಿನ ಅಪರಾಹ್ಣ ಸುಮಾರು 1.36ರಿಂದ 4.05. ಎಣಿಸಿ. 26ರಂದು 1.54ರಿಂದ 4.05ರವರೆಗೆ 131 ನಿಮಿಷ ಚೌತಿ. 27ರಂದು 1.36ರಿಂದ 3.44ರವರೆಗೆ 128 ನಿಮಿಷ. ಮೂರೇ ಮೂರು ನಿಮಿಷದ ಅಂತರ!

ಈಗ ಮಂಗಳೂರಿಗೆ ಹೋಗೋಣ. ಅಪರಾಹ್ಣ 11 ನಿಮಿಷ ಮುಂದಕ್ಕೆ ಸರಿಯಿತು. 26ರಂದು 142 ನಿಮಿಷ, 27ರಂದು 117. ಅಲ್ಲಿ ಸಂಶಯವೇ ಇಲ್ಲ, 26. ಚೆನ್ನೈಯಲ್ಲಿ ಅಪರಾಹ್ಣ 11 ನಿಮಿಷ ಹಿಂದಕ್ಕೆ. 26ರಂದು 120 ನಿಮಿಷ, 27ರಂದು 139. ಅಲ್ಲಿ 27. ಒಬ್ಬರೇ ಅಪ್ಪ, ಒಂದೇ ತಿಥಿ, ಇಬ್ಬರು ಮಕ್ಕಳಿಗೆ ಎರಡು ದಿನ. ಇಬ್ಬರದೂ ಸರಿ.

ಚೆನ್ನೈ ಚಿಕ್ಕಪ್ಪ ಫೋನ್ ಮಾಡಿ, 'ಏನಪ್ಪಾ, ನಿನ್ನ ಆ್ಯಪ್ ನನಗೊಂದು ಹೇಳುತ್ತೆ, ನಿನ್ನ ಅಪ್ಪನಿಗೊಂದು ಹೇಳುತ್ತೆ, ಮತ್ತೆ ಕೆಟ್ಟಿತಾ?' ಅಂದರು. ಕೆಟ್ಟಿರಲಿಲ್ಲ. ಅವರವರ ಫೋನಿನಲ್ಲಿ ಅವರವರ ಊರು ಇತ್ತು, ಅಷ್ಟೇ. ಒಂದು ಆ್ಯಪ್ ನಿಮಗೆ ಊರು ಆರಿಸಲು ಬಿಡುವುದಿಲ್ಲ ಅಂದರೆ ಅದು ಯಾವುದೋ ಒಂದು ಊರಿನ ಸೂರ್ಯೋದಯವನ್ನು ಎಲ್ಲರಿಗೂ ಹಂಚುತ್ತಿದೆ ಅಂತ ತಿಳಿಯಿರಿ. ರಾಹುಕಾಲಕ್ಕೆ ಹತ್ತು ನಿಮಿಷ ಆಚೀಚೆ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಇಂಥ ವರ್ಷದಲ್ಲಿ ಗೊತ್ತಾಗುತ್ತದೆ.

ಬೆಂಗಳೂರಿನ ಕಥೆ ಏನಾಯಿತು? ಮೂರು ನಿಮಿಷದ ಮೇಲೆ ನಾನು 26 ಅಂತ ಎದೆ ತಟ್ಟಿ ಹೇಳಲಾರೆ. ಸೂರ್ಯೋದಯವನ್ನು ಸೂರ್ಯನ ಮೇಲಂಚು ಕಂಡಾಗ ಎಣಿಸುತ್ತೀರಾ, ನಡುಭಾಗ ಬಂದಾಗ ಎಣಿಸುತ್ತೀರಾ ಅನ್ನುವುದರಲ್ಲೇ ನಿಮಿಷಗಳು ಆಚೀಚೆ ಆಗುತ್ತವೆ. ಅದಕ್ಕಿಂತ ದೊಡ್ಡದು ಪಂಚಾಂಗದ ಪದ್ಧತಿ. ಹೆಚ್ಚಿನ ಆ್ಯಪ್‌ಗಳು ದೃಗ್ಗಣಿತ. ಅಂದರೆ ಇವತ್ತಿನ ಖಗೋಳಶಾಸ್ತ್ರದ ಲೆಕ್ಕದಲ್ಲಿ ಸೂರ್ಯ ಚಂದ್ರ ಎಲ್ಲಿದ್ದಾರೋ ಅದನ್ನು ಹಿಡಿದು ತಿಥಿ ಕಟ್ಟುತ್ತವೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಪಂಚಾಂಗವೂ ಇದೇ ದಾರಿಯದು. ವಿಜ್ಞಾನಿ ಮೇಘನಾದ ಸಹಾ ಅವರ ಸಮಿತಿ ಇದನ್ನು ಶಿಫಾರಸು ಮಾಡಿತ್ತು. ಆದರೆ ಸೂರ್ಯಸಿದ್ಧಾಂತದ ಹಳೆಯ ಲೆಕ್ಕವನ್ನೇ ಬಿಡದೆ ನಡೆಸುವ ಮಠಗಳು, ಪಂಚಾಂಗಕರ್ತರು ಇದ್ದಾರೆ. ಎರಡರ ತಿಥಿಯ ಕೊನೆ ಕೆಲವು ಸಲ ಗಂಟೆಗಟ್ಟಲೆ ಬೇರೆಯಾಗುತ್ತದೆ. ಮೂರು ನಿಮಿಷ ಅಲ್ಲಿ ಎಲ್ಲಿ ನಿಲ್ಲುತ್ತದೆ ಹೇಳಿ. ನಿಮ್ಮ ಮನೆ ಯಾವ ಮಠದ್ದು, ಪುರೋಹಿತರು ಯಾವ ಪಂಚಾಂಗ ಹಿಡಿಯುತ್ತಾರೆ ಅನ್ನುವುದನ್ನು ಕೇಳಿ ತಿಳಿದುಕೊಂಡು ಆ್ಯಪ್‌ನಲ್ಲಿ ಅದೇ ಪದ್ಧತಿ ಇದೆಯೇ ಅಂತ ನೋಡಬೇಕು. ಇಲ್ಲದಿದ್ದರೆ ಪ್ರತಿ ವರ್ಷ ಇಬ್ಬರ ಮಧ್ಯೆ ಪಂಚಾಯ್ತಿ.

ಹಾಗಾಗಿ ಈಗ ನನ್ನ ಆ್ಯಪ್ ಇಂಥ ಸಂದರ್ಭದಲ್ಲಿ ತಾರೀಖು ಹೇಳುವುದಿಲ್ಲ. 'ಎರಡೂ ದಿನ ಹತ್ತಿರ ಹತ್ತಿರ ಇದೆ, ಕೇಳಿ' ಅಂತ ಕೆಂಪು ಅಕ್ಷರದಲ್ಲಿ ತೋರಿಸಿ ಎರಡೂ ದಿನದ ನಿಮಿಷ ಬರೆಯುತ್ತದೆ. ಅಂತರ 20 ನಿಮಿಷಕ್ಕಿಂತ ಕಡಿಮೆ ಇದ್ದರೆ ಹೀಗೆ ಅಂತ ಇಟ್ಟಿದ್ದೇನೆ. ಆ 20 ಯಾವ ಶಾಸ್ತ್ರದಲ್ಲೂ ಇಲ್ಲ, ನಾನೇ ಸುಮ್ನೆ ಇಟ್ಟುಕೊಂಡದ್ದು. ಅಪ್ಪ ಪುರೋಹಿತರನ್ನು ಕೇಳಿದರು, ಅವರು ತಮ್ಮ ಪಂಚಾಂಗ ನೋಡಿ 26 ಅಂದರು, ಅವತ್ತೇ ಮಾಡಿದೆವು. ಅವತ್ತು ಗೌರಿ ಹಬ್ಬ. ಮತ್ತೆ ರಂಗೋಲಿ ಇಲ್ಲ.

ನ್ಯೂಜೆರ್ಸಿಯಲ್ಲಿರುವ ನಮ್ಮ ಬಂಧು ಒಬ್ಬರಿಗೂ ಇದೇ ಚೌತಿ ತಿಥಿ ಇದೆ. ಅವರಿಗೆ 2025ರಲ್ಲಿ ತಲೆನೋವೇ ಇರಲಿಲ್ಲ. ಅಲ್ಲಿನ ಗಡಿಯಾರದಲ್ಲಿ ಚೌತಿ 26ರ ಬೆಳಗಿನ ಜಾವ 4.24ಕ್ಕೆ ಬಂದು 27ರ ಬೆಳಗ್ಗೆ 6.14ಕ್ಕೆ ಹೋಯಿತು. 26ರ ಅಪರಾಹ್ಣ ಪೂರ್ತಿ ಚೌತಿ. ಆದರೆ ಅವರ ಫೋನಿನಲ್ಲಿ ನೆನಪೋಲೆ ಬಂದದ್ದು 25ರ ಮಧ್ಯಾಹ್ನ ಎರಡೂವರೆಗೆ! ಇದು ಪಂಚಾಂಗದ ತಪ್ಪಲ್ಲ. ಊರಿನಿಂದ ಯಾರೋ ಕಳಿಸಿದ ಕ್ಯಾಲೆಂಡರ್ ನಮೂದಿನಲ್ಲಿ '26, ರಾತ್ರಿ 12 ಗಂಟೆ, ಭಾರತದ ಸಮಯ' ಅಂತಿತ್ತು. ಅದು ಅಲ್ಲಿ ಹಿಂದಿನ ದಿನದ ಮಧ್ಯಾಹ್ನ 2.30 ಆಗುತ್ತದೆ. ದಿನ ಪೂರ್ತಿಯ ನಮೂದಾಗಿ, ಹೊತ್ತಿಲ್ಲದೆ, ಬರೀ ತಾರೀಖಾಗಿ ಹಾಕಬೇಕಿತ್ತು. ಕ್ಯಾಲೆಂಡರ್ ಫೈಲ್ ತಯಾರಿಸುವವರು ಇಲ್ಲಿದ್ದರೆ ನೋಡಿ, ಸಾಲು ಹೀಗಿರಬೇಕು:

```
BEGIN:VEVENT
UID:ajja-tithi-2026@example.com
DTSTAMP:20260101T000000Z
DTSTART;VALUE=DATE:20260914
SUMMARY:ಅಜ್ಜನ ತಿಥಿ
END:VEVENT
```

ಇದರ ಕೆಳಗೆ `RRULE:FREQ=YEARLY` ಅಂತ ಮಾತ್ರ ಹಾಕಬೇಡಿ. ಫೋನಿನ ಸಾಮಾನ್ಯ ಕ್ಯಾಲೆಂಡರಿನಲ್ಲಿ 'ಪ್ರತಿ ವರ್ಷ' ಅಂತ ಒತ್ತಿದರೆ ಒಳಗೆ ಬರೆಯುವುದು ಇದನ್ನೇ. ಅದಕ್ಕೆ ಸೆಪ್ಟೆಂಬರ್ 14 ಗೊತ್ತು, ಚೌತಿ ಗೊತ್ತಿಲ್ಲ. ಐದು ಹತ್ತು ವರ್ಷದ ತಾರೀಖುಗಳನ್ನು ಒಂದೊಂದಾಗಿ ಲೆಕ್ಕ ಹಾಕಿ ಬೇರೆ ಬೇರೆ ನಮೂದಾಗಿ ಹಾಕುವುದೇ ದಾರಿ. ಇದರಲ್ಲಿ ಒಂದು ಲಾಭವೂ ಇದೆ. ಆ್ಯಪ್ ನಾಳೆ ನಿಂತುಹೋದರೂ, ಫೋನ್ ಬದಲಾದರೂ ನಿಮ್ಮ ಕ್ಯಾಲೆಂಡರಿನಲ್ಲಿ ತಾರೀಖುಗಳು ಉಳಿಯುತ್ತವೆ. ಆ್ಯಪ್ ಒಳಗೇ ಕೂಡಿಟ್ಟ ನೆನಪೋಲೆಗಳು ಹೊಸ ಫೋನಿಗೆ ಬಾರದೆ ಹೋದ ಮನೆಗಳು ನನಗೇ ನಾಲ್ಕಾರು ಗೊತ್ತು.

ಇನ್ನು ತಿಂಗಳ ಮಾತು. ನಮ್ಮಲ್ಲಿ ಅಮಾವಾಸ್ಯೆಗೆ ತಿಂಗಳು ಮುಗಿಯುತ್ತದೆ. ಉತ್ತರದ ಕಡೆ ಹುಣ್ಣಿಮೆಗೆ. ಶುದ್ಧ ಪಕ್ಷದಲ್ಲಿ ಎರಡೂ ಒಂದೇ, ಹಾಗಾಗಿ ಅಜ್ಜನ ಚೌತಿಗೆ ಏನೂ ಆಗುವುದಿಲ್ಲ. ಬಹುಳ ಪಕ್ಷದಲ್ಲಿ ಮಾತ್ರ ಹೆಸರು ಒಂದು ತಿಂಗಳು ಮುಂದಿರುತ್ತದೆ. ಶಿವರಾತ್ರಿ ನಮಗೆ ಮಾಘ ಬಹುಳ ಚತುರ್ದಶಿ, ಅವರಿಗೆ ಫಾಲ್ಗುಣ. ಆ್ಯಪ್‌ನ ಮಾತು ಕನ್ನಡ ಇದ್ದು ಒಳಗಿನ ಲೆಕ್ಕ ಉತ್ತರದ್ದಾಗಿದ್ದರೆ ಬಹುಳದಲ್ಲಿ ಹೋದವರ ತಿಥಿ ಪೂರ್ತಿ ಒಂದು ತಿಂಗಳು ತಪ್ಪುತ್ತದೆ. ಪರೀಕ್ಷೆ ಸುಲಭ. ಶಿವರಾತ್ರಿಯ ದಿನದ ಪುಟ ತೆಗೆದು ಮಾಸ ಏನಿದೆ ನೋಡಿ. ಮಾಘ ಇದ್ದರೆ ನಮ್ಮ ಲೆಕ್ಕ.

ಅಧಿಕ ಮಾಸ ಇದಕ್ಕಿಂತ ಸಿಕ್ಕು. 2026ರಲ್ಲಿ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15ರವರೆಗೆ. ಅದು ಮುಗಿದ ಮೇಲೆ ನಿಜ ಜ್ಯೇಷ್ಠ. ಜ್ಯೇಷ್ಠದಲ್ಲಿ ತಿಥಿ ಇರುವ ಮನೆಗಳಿಗೆ ಆ್ಯಪ್ ಎರಡು ಸಲ ನೆನಪಿಸಬಹುದು, ಅಥವಾ ಮೊದಲು ಸಿಕ್ಕ ಜ್ಯೇಷ್ಠಕ್ಕೇ ನೆನಪಿಸಿ ಸುಮ್ಮನಾಗಬಹುದು. ಎರಡನೆಯದು ಅಪಾಯ, ಯಾಕೆಂದರೆ ಸಾಮಾನ್ಯ ವರ್ಷದಲ್ಲಿ ಹೋದವರ ವಾರ್ಷಿಕ ಶ್ರಾದ್ಧವನ್ನು ಬಹುಪಾಲು ಮನೆಗಳಲ್ಲಿ ನಿಜ ಮಾಸದಲ್ಲಿ ಮಾಡುತ್ತಾರೆ. ಎರಡೂ ಮಾಸದಲ್ಲಿ ಮಾಡುವವರೂ ಇದ್ದಾರೆ. ನಿಮ್ಮ ಮನೆಯ ಪದ್ಧತಿ ಯಾವುದು ಅಂತ ಆ್ಯಪ್ ನಿಮ್ಮನ್ನು ಕೇಳಬೇಕು, ತಾನೇ ತೀರ್ಮಾನ ಮಾಡಬಾರದು. ಮಾಧ್ವರ ಮನೆಯಲ್ಲಿ ಏಕಾದಶಿಯ ಶ್ರಾದ್ಧವನ್ನು ದ್ವಾದಶಿಗೆ ಮಾಡುತ್ತಾರಲ್ಲ, ಅದೂ ಹೀಗೆ ಕೇಳಿ ಇಟ್ಟುಕೊಳ್ಳಬೇಕಾದ ವಿಷಯವೇ. ಇನ್ನು ತಿಥಿಯ ಗೋಜೇ ಬೇಡ ಅಂತ ಎಲ್ಲ ಹಿರಿಯರಿಗೂ ಮಹಾಲಯ ಅಮಾವಾಸ್ಯೆಗೆ ಒಟ್ಟಿಗೆ ಎಡೆ ಇಡುವ ಮನೆಗಳು ನಮ್ಮ ನಾಡಿನಲ್ಲಿ ಬಹಳ. ಅವರಿಗೆ ನನ್ನ ಈ ಭಾಷಣ ಅರ್ಧ ದಂಡ.

ಯಾವ ಆ್ಯಪ್ ಹಾಕಿಕೊಳ್ಳಲಿ ಅಂತ ಕೇಳುತ್ತಾರೆ. ಹೆಸರು ಹೇಳುವುದಕ್ಕಿಂತ ಒಂದು ದಿನ ಹೇಳುತ್ತೇನೆ, ಆ ದಿನ ತೆಗೆದು ನೋಡಿ: 2026ರ ಮಾರ್ಚ್ 19, ಯುಗಾದಿ. ಅವತ್ತು ಬೆಳಗ್ಗೆ 6.53ರವರೆಗೆ ಅಮಾವಾಸ್ಯೆ. ಬೆಂಗಳೂರಿನಲ್ಲಿ ಸೂರ್ಯ ಅದಕ್ಕೂ ಮುಂಚೆಯೇ, ಆರೂವರೆಯ ಒಳಗೆ ಹುಟ್ಟಿಬಿಟ್ಟಿರುತ್ತಾನೆ. 6.53ಕ್ಕೆ ಪಾಡ್ಯ ಬಂದು ಮರುದಿನ ಬೆಳಗಿನ ಜಾವ 4.52ಕ್ಕೆ ಹೋಗುತ್ತದೆ. ಮರುದಿನ ಸೂರ್ಯ ಹುಟ್ಟುವಾಗ ಬಿದಿಗೆ. ಅಂದರೆ ಪಾಡ್ಯ ಯಾವ ಸೂರ್ಯೋದಯವನ್ನೂ ಮುಟ್ಟುವುದೇ ಇಲ್ಲ. ಇದನ್ನು ಕ್ಷಯ ತಿಥಿ ಅನ್ನುತ್ತಾರೆ. ದಿನಕ್ಕೊಂದೇ ತಿಥಿ ತೋರಿಸುವ ಆ್ಯಪ್‌ನಲ್ಲಿ 19ಕ್ಕೆ ಅಮಾವಾಸ್ಯೆ, 20ಕ್ಕೆ ಬಿದಿಗೆ ಇರುತ್ತದೆ, ವರ್ಷದ ಮೊದಲ ದಿನವೇ ಮಾಯ. ನನ್ನ ಹಳೆಯ ಕೋಡಿಗೆ ಈ ದಿನ ಕೊಟ್ಟು ನೋಡಿದೆ. 2026ರಲ್ಲಿ ಯುಗಾದಿಯೇ ಇಲ್ಲ ಅಂದಿತು! ನಿಮ್ಮ ಆ್ಯಪ್ ಅವತ್ತಿನ ಪುಟದಲ್ಲಿ ಎರಡು ತಿಥಿಯನ್ನೂ, ಎರಡರ ಕೊನೆಯ ಹೊತ್ತನ್ನೂ ತೋರಿಸಿದರೆ ಅದರ ಜೊತೆ ಮುಂದಿನ ಮಾತು ಆಡಬಹುದು. ಆಮೇಲೆ ಊರು ಬದಲಾಯಿಸಿ ನೋಡಿ, ಸೂರ್ಯೋದಯ ಬದಲಾಗಬೇಕು.

ನೆನಪಿಸುವ ಹೊತ್ತಿನ ಬಗ್ಗೆ ಒಂದೆರಡು ಮಾತು. ತಿಥಿಯ ದಿನ ಬೆಳಗ್ಗೆ ಆರಕ್ಕೆ ಟಣ್ ಅಂದರೆ ಏನು ಉಪಯೋಗ? ನಾನು ಮೂರು ಸಲ ಇಟ್ಟಿದ್ದೇನೆ. ಒಂದು ತಿಂಗಳು ಮುಂಚೆ, ಪುರೋಹಿತರಿಗೆ ಹೇಳಿ ರಜೆ ಹಾಕಲು. ನಾಲ್ಕು ದಿನ ಮುಂಚೆ, ದರ್ಭೆ, ಎಳ್ಳು, ಬಾಳೆ ಎಲೆ, ಅಡಿಗೆ ಸಾಮಾನು ತರಲು. ಹಿಂದಿನ ದಿನ ಬೆಳಗ್ಗೆ, ಯಾಕೆಂದರೆ ಮಾಡುವವರಿಗೆ ಹಿಂದಿನ ರಾತ್ರಿ ಊಟ ಇರುವುದಿಲ್ಲ. ಸಂಜೆ ಎಂಟಕ್ಕೆ ನೆನಪಿಸಿದರೆ ಅಪ್ಪ ಆಗಲೇ ಊಟಕ್ಕೆ ಕೂತಿರುತ್ತಾರೆ. ಒಂದು ತಿಂಗಳ ನೆನಪೋಲೆಯಲ್ಲಿ ತಾರೀಖಿನ ಜೊತೆ 'ಪುರೋಹಿತರನ್ನು ಕೇಳಿ ಖಚಿತ ಮಾಡಿ' ಅಂತಲೂ ಬರೆದಿದ್ದೇನೆ. ಬ್ಯಾಟರಿ ಉಳಿಸುವ ವ್ಯವಸ್ಥೆ ಕೆಲವು ಫೋನುಗಳಲ್ಲಿ ಇಂಥ ಆ್ಯಪ್‌ಗಳನ್ನು ಮಲಗಿಸಿಬಿಡುತ್ತದೆ. ವರ್ಷಕ್ಕೊಮ್ಮೆ ಕೂಗುವ ಆ್ಯಪ್ ಮಲಗಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ವಿನಾಯಿತಿ ಕೊಡಿ, ನೋಟಿಫಿಕೇಶನ್ ಅನುಮತಿಯನ್ನೂ ನೋಡಿ.

ನಕ್ಷತ್ರದ ಹುಟ್ಟುಹಬ್ಬದ ಕಥೆಯೂ ಹೀಗೇ. ಹುಟ್ಟಿದ ಹೊತ್ತು ಬೇಕು, ಊರು ಬೇಕು, ಮಾಸದಲ್ಲಿ ಚಾಂದ್ರಮಾನವೋ ಸೌರಮಾನವೋ ಬೇಕು. ತುಳುನಾಡಿನ ಕಡೆಯವರಿಗೆ ಇದು ವಿವರಿಸಬೇಕಾಗಿಲ್ಲ. ಒಂದು ದಿನ ತಪ್ಪಿದರೆ ಮಗುವಿಗೆ ಇನ್ನೊಂದು ದಿನ ಪಾಯಸ ಸಿಗುತ್ತದೆ, ಅದಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಂಡಿಲ್ಲ.

ಅಜ್ಜನ ತಿಥಿ 2026ಕ್ಕೆ ಯಾವತ್ತು ಅಂತ ನೀವೇ ಹೇಳಿ. ಚೌತಿ ಸೆಪ್ಟೆಂಬರ್ 14, ಸೋಮವಾರ ಬೆಳಗ್ಗೆ 7.06ಕ್ಕೆ ಶುರು, 15ರ ಬೆಳಗ್ಗೆ 7.44ಕ್ಕೆ ಕೊನೆ. ಸೂರ್ಯೋದಯ ಎರಡೂ ದಿನ 6.09ರ ಸುಮಾರು. ನನ್ನ ಹಳೆಯ ಆ್ಯಪ್ 15 ಅನ್ನುತ್ತಿತ್ತು, ಅವತ್ತಿನ ಅಪರಾಹ್ಣದಲ್ಲಿ ಚೌತಿಯ ಸುಳಿವೂ ಇಲ್ಲ. ಮೂರು ಊರಿನವರಿಗೂ 14. ಗಣೇಶನೂ ಅವತ್ತೇ. ಅಮ್ಮ ಈಗಲೇ ಎದುರು ಮನೆಯವರಿಗೆ ಹೇಳಿಟ್ಟಿದ್ದಾರೆ, 'ಈ ಸಲವೂ ನಮ್ಮ ಮನೆ ಮುಂದೆ ರಂಗೋಲಿ ಇರಲ್ಲ, ಗಾಬರಿ ಆಗಬೇಡಿ' ಅಂತ.